ಎಲೆ ಜೋತು ಬಿದ್ರೆ ಕೈ ಮೊದ್ಲು ಮಣ್ಣಿಗೆ ಹೋಗ್ಲಿ, ಚೊಂಬಿಗಲ್ಲ

(ತಾರಸಿ ತೋಟ ಮಾಡೋರ ಒಂದು ಸಭೆಯಲ್ಲಿ ಆಡಿದ ಮಾತನ್ನ ಬರಹಕ್ಕೆ ಇಳಿಸಿದೀನಿ. ಮಾತಿನ ಧಾಟಿ ಆದಷ್ಟೂ ಹಾಗೇ ಬಿಟ್ಟಿದೀನಿ, ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನ ಸೇರಿಸಿದೀನಿ.)

ಎಲ್ರಿಗೂ ನಮಸ್ಕಾರ. ಮೇಜಿನ ಮೇಲೆ ಎರಡು ದಾಸವಾಳದ ಪಾಟ್ ಇದೆ, ಹಿಂದೆ ಕೂತೋರಿಗೂ ಕಾಣ್ತಿದೆ ಅಲ್ವಾ. ಎರಡರಲ್ಲೂ ಎಲೆ ಜೋತು ಬಿದ್ದಿದೆ, ಎರಡರಲ್ಲೂ ತುದಿ ಚಿಗುರು ಬಗ್ಗಿದೆ. ಒಂದಕ್ಕೆ ನೀರು ಸಾಲ್ದೇ ಹೀಗಾಗಿದೆ, ಇನ್ನೊಂದಕ್ಕೆ ನೀರು ಹೆಚ್ಚಾಗಿ ಹೀಗಾಗಿದೆ. ಯಾವುದು ಯಾವುದು ಅಂತ ಬರೀ ಎಲೆ ನೋಡಿ ಹೇಳಿ ಅಂದ್ರೆ ಹತ್ರ ಬಂದು ನೋಡಿದ್ರೂ ಕಷ್ಟ, ಯಾಕಂದ್ರೆ ಎಲೆಗೆ ಗೊತ್ತಾಗೋದು ಒಂದೇ, ಕೆಳಗಿಂದ ನೀರು ಬರ್ತಿಲ್ಲ ಅನ್ನೋದು. ಕೆಳಗೆ ನೀರೇ ಇಲ್ವೋ, ಅಥವಾ ನೀರಿದ್ದೂ ಬೇರಿಗೆ ಎಳ್ಕೊಳ್ಳೋ ಶಕ್ತಿ ಇಲ್ವೋ ಅನ್ನೋದು ಎಲೆಗೆ ಗೊತ್ತಿಲ್ಲ.

ನೀರು ಜಾಸ್ತಿಯಾದ್ರೆ ಗಿಡ ಯಾಕೆ ಬಾಡತ್ತೆ ಅನ್ನೋದು ತುಂಬ ಜನಕ್ಕೆ ಗೊಂದಲ, ಅದನ್ನ ಮೊದ್ಲು ಹೇಳ್ಬಿಡ್ತೀನಿ. ಬೇರೂ ಉಸಿರಾಡತ್ತೆ, ಅದಕ್ಕೂ ಆಕ್ಸಿಜನ್ ಬೇಕು. ಮಣ್ಣಿನ ಕಣಗಳ ನಡುವೆ ಸಣ್ಣ ಸಂದಿಗಳಿರ್ತವಲ್ಲ, ಅದ್ರಲ್ಲಿ ಒಂದಷ್ಟು ನೀರು ಇರ್ಬೇಕು, ಒಂದಷ್ಟು ಗಾಳಿ ಇರ್ಬೇಕು. ಎಲ್ಲಾ ಸಂದಿನೂ ನೀರೇ ತುಂಬ್ಕೊಂಡ್ರೆ ಆಕ್ಸಿಜನ್ ಒಳಗೆ ಬರೋ ವೇಗ ಎಷ್ಟು ಕಡಿಮೆಯಾಗತ್ತೆ ಅಂದ್ರೆ, ಗಾಳಿಯಲ್ಲಿ ಹರಡೋದಕ್ಕಿಂತ ನೀರಲ್ಲಿ ಅದು ಸುಮಾರು 10,000 ಪಟ್ಟು ನಿಧಾನವಾಗಿ ಹರಡತ್ತೆ. ಉಸಿರು ಕಟ್ಟಿದ ಬೇರು ನೀರು ಎಳ್ಕೊಳ್ಳೋದನ್ನ ಕಡಿಮೆ ಮಾಡತ್ತೆ, ಹಾಗೇ ಮುಂದುವರಿದ್ರೆ ಸಣ್ಣ ಬೇರುಗಳು ಸಾಯ್ತವೆ, ಸತ್ತ ಬೇರಿಗೆ ಪಿಥಿಯಂ, ಫೈಟಾಫ್ಥೊರಾ ಅನ್ನೋ ಕೊಳೆ ರೋಗದ ಜೀವಿಗಳು ಹತ್ಕೊಳ್ತವೆ, ಅವಕ್ಕೆ ಒದ್ದೆ ಮಣ್ಣು ಅಂದ್ರೆ ಹಬ್ಬ. ಅಷ್ಟೊತ್ತಿಗೆ ಪಾಟ್ ತುಂಬ ನೀರಿದ್ರೂ ಗಿಡ ಮಾತ್ರ ಬಾಯಾರಿ ನಿಂತಿರತ್ತೆ, ನಾವು ಬಂದು ಅಯ್ಯೋ ಬಾಡಿದ್ಯಲ್ಲ ಅಂತ ಇನ್ನೊಂದು ಮಗ್ ಸುರೀತೀವಿ. ಮನೆ ಗಿಡಗಳು ಸಾಯೋ ದಾರಿಗಳಲ್ಲಿ ಇದೇ ನನಗೆ ತುಂಬ ಬೇಜಾರು ಮಾಡೋದು, ಯಾಕಂದ್ರೆ ಕೊಲ್ಲೋದು ಪ್ರೀತಿಯಿಂದ ಹಾಕಿದ ನೀರೇ.

ಇನ್ನೊಂದು ವಿಷಯ, ಮಧ್ಯಾಹ್ನ ಎರಡು ಗಂಟೆ ಬಿಸಿಲಲ್ಲಿ ಬಾಡಿದ ಗಿಡ ನೋಡಿ ಏನೂ ತೀರ್ಮಾನ ಮಾಡ್ಬೇಡಿ. ಮಾರ್ಚ್ ಏಪ್ರಿಲಲ್ಲಿ ತಾರಸಿ ಮೇಲೆ ಎಲೆಯಿಂದ ನೀರು ಆವಿಯಾಗೋ ವೇಗಕ್ಕೆ ಒಳ್ಳೆ ಬೇರಿಗೂ ಸಮ ಸಮ ಕೊಡಕ್ಕಾಗಲ್ಲ, ಸಂಜೆ ಹೊತ್ತಿಗೆ ತಾನಾಗೇ ಎದ್ದು ನಿಲ್ಲತ್ತೆ. ಬೆಳಿಗ್ಗೆ ಆರೂವರೆ ಏಳಕ್ಕೆ ಹೋಗಿ ನೋಡಿ. ರಾತ್ರಿಯೆಲ್ಲಾ ತಂಪಲ್ಲಿದ್ದೂ ಎಲೆ ಜೋತೇ ಬಿದ್ದಿದೆ ಅಂದ್ರೆ ಆಗ ಪರೀಕ್ಷೆ ಶುರು ಮಾಡ್ಬೇಕು.

ಪರೀಕ್ಷೆ ಅಂದ್ರೆ ಮೊದ್ಲು ಪಾಟ್ ಎತ್ತಿ ನೋಡೋದು. ಒಂದು ಲೀಟರ್ ನೀರು ಅಂದ್ರೆ ಒಂದು ಕೆಜಿ ತೂಕ, ಹಾಗಾಗಿ ಹತ್ತು ಇಂಚಿನ ಪಾಟಲ್ಲಿ ಒಣಗಿದ್ದಕ್ಕೂ ನೆನೆದಿದ್ದಕ್ಕೂ ವ್ಯತ್ಯಾಸ ಕೈಗೆ ಚೆನ್ನಾಗೇ ಗೊತ್ತಾಗತ್ತೆ. ಪೂರ್ತಿ ನೀರು ಹಾಕಿ ಕೆಳಗಿಂದ ಸೋರಿ ನಿಂತ ಮೇಲೆ ಒಂದ್ಸಲ ಎತ್ತಿ ನೋಡಿಟ್ಕೊಳ್ಳಿ, ಆಮೇಲೆ ಯಾವತ್ತು ಎತ್ತಿದ್ರೂ ಹೋಲಿಸಕ್ಕೆ ಒಂದು ಅಂದಾಜು ಇರತ್ತೆ. ದೊಡ್ಡ ಪಾಟ್ ಆದ್ರೆ ಎತ್ಬೇಡಿ, ಸೊಂಟ ಹಿಡ್ಕೊಳ್ಳತ್ತೆ, ಒಂದು ಕಡೆ ಅಂಚು ಹಿಡಿದು ಸ್ವಲ್ಪ ವಾಲಿಸಿದ್ರೆ ಸಾಕು. ಈಗ ಇಲ್ಲಿ ಎಡಗಡೆ ಪಾಟನ್ನ ಮುಂದೆ ಕೂತಿರೋ ಮೇಡಂ ಒಂದೇ ಕೈಯಲ್ಲಿ ಎತ್ತಿದ್ರು ನೋಡಿ, ಬಲಗಡೇದಕ್ಕೆ ಎರಡೂ ಕೈ ಬೇಕಾಯ್ತು. ಅರ್ಧ ಉತ್ತರ ಇಲ್ಲೇ ಸಿಕ್ತು. ಆದ್ರೆ ಅರ್ಧ ಮಾತ್ರ.

ಎರಡನೇದು ಮಣ್ಣಿನ ಒಳಗೆ ನೋಡೋದು. ಎಲ್ರೂ ಬೆರಳು ಚುಚ್ಚಿ ನೋಡಿ ಅಂತಾರೆ, ಚುಚ್ಚಿ, ತಪ್ಪಿಲ್ಲ, ಆದ್ರೆ ಬೆರಳು ಹೋಗೋದು ಎರಡು ಮೂರು ಇಂಚು, ಹನ್ನೆರಡು ಇಂಚಿನ ಪಾಟಲ್ಲಿ ಕೊಳೆಯೋದು ತಳ. ಕೋಕೋಪೀಟ್ ಜಾಸ್ತಿ ಇರೋ ಮಿಶ್ರಣದಲ್ಲಂತೂ ಮೇಲ್ಭಾಗ ಒಂದೇ ಬಿಸಿಲಿಗೆ ಒಣಗಿ ತಿಳಿ ಕಂದು ಬಣ್ಣಕ್ಕೆ ಬರತ್ತೆ, ಅದನ್ನ ನೋಡಿ ದಿನಾ ನೀರು ಹಾಕ್ತೀವಿ, ನಾಲ್ಕು ಇಂಚು ಕೆಳಗೆ ಹಿಂಡಿದ್ರೆ ನೀರು ಬರೋ ಹಾಗಿರತ್ತೆ. ಅದಕ್ಕೇ ಕಡ್ಡಿ ಬೇಕು. ಕಬಾಬ್ ಚುಚ್ಚೋ ಬಿದಿರು ಕಡ್ಡಿ, ಅಥವಾ ಪಾರ್ಸಲ್ ನೂಡಲ್ಸ್ ಜೊತೆ ಬರೋ ಚಾಪ್‌ಸ್ಟಿಕ್, ಯಾವುದಾದ್ರೂ ಪಾಲಿಶ್ ಇಲ್ಲದ ಕಡ್ಡಿ ಆಗತ್ತೆ. ಪೊರಕೆ ಕಡ್ಡಿ ಬೇಡ, ಬಗ್ಗಿಬಿಡತ್ತೆ. ತಳ ಮುಟ್ಟೋವರೆಗೂ ಇಳಿಸಿ, ಹತ್ತು ನಿಮಿಷ ಬಿಡಿ, ತೆಗೀರಿ. ಒದ್ದೆಯಾದ ಕಡೆ ಬಿದಿರಿನ ಬಣ್ಣ ಕಪ್ಪಾಗಿರತ್ತೆ, ಮಣ್ಣು ಅಂಟಿರತ್ತೆ, ಒಣಗಿರೋ ಕಡೆ ಕಡ್ಡಿ ಹಾಗೇ ಬೆಳ್ಳಗೆ ಬರತ್ತೆ, ಹಾಗಾಗಿ ಎಷ್ಟು ಇಂಚಿಂದ ಕೆಳಗೆ ಒದ್ದೆ ಅಂತ ಅಳೆದ ಹಾಗೇ ಕಾಣತ್ತೆ. ಆಮೇಲೆ ಕಡ್ಡಿ ತುದಿ ಮೂಸಿ ನೋಡಿ. ನಾಚ್ಕೋಬೇಡಿ, ಮೂಗಿನಷ್ಟು ಒಳ್ಳೆ ಉಪಕರಣ ಇಲ್ಲ. ಒಳ್ಳೆ ಒದ್ದೆ ಮಣ್ಣು ಮೊದಲ ಮಳೆ ಬಿದ್ದಾಗಿನ ವಾಸನೆ ಬರತ್ತೆ, ಉಸಿರು ಕಟ್ಟಿದ ಮಣ್ಣು ಚರಂಡಿ ಅಥವಾ ಕೊಳೆತ ಮೊಟ್ಟೆ ವಾಸನೆ ಬರತ್ತೆ. ಆ ವಾಸನೆ ಬಂತು ಅಂದ್ರೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಎಡಗಡೆ ಪಾಟ್ ಕಡ್ಡಿ ನೋಡಿ, ಮೇಲಿಂದ ಕೆಳಗಿನವರೆಗೂ ಬೆಳ್ಳಗಿದೆ. ಇನ್ನೊಂದು ಸಣ್ಣ ವಿಷಯ ಗಮನಿಸಿ, ಮಣ್ಣು ಪಾಟಿನ ಅಂಚು ಬಿಟ್ಟು ಒಳಗೆ ಸರ್ಕೊಂಡಿದೆ, ಸುತ್ತ ಒಂದು ಕಾಯಿನ್ ತೂರಿಸೋ ಅಷ್ಟು ಸಂದಿ. ನೋಡಿ ಈಗ ಅರ್ಧ ಲೀಟರ್ ನೀರು ಹಾಕ್ತೀನಿ… ಬಂತು, ಅಷ್ಟೂ ತಟ್ಟೆಗೆ ಬಂದ್ಬಿಡ್ತು. ಈ ಸಂದಿ ಇದ್ಯಲ್ಲ, ನೀರು ಅದ್ರಲ್ಲೇ ಜಾರಿ ನೇರ ತೂತಿಗೆ ಹೋಗತ್ತೆ, ಮಣ್ಣಿಗೆ ಮುಟ್ಟಲ್ಲ. ನಾವು ತಟ್ಟೆಯಲ್ಲಿ ನೀರು ನೋಡಿ ಓ ಸಾಕಾಯ್ತು ಅಂತ ಹೋಗ್ತೀವಿ. ದಿನಾ ನೀರು ಹಾಕ್ತಿದ್ರೂ ಗಿಡ ಒಣಗಿ ಸಾಯೋದು ಹೀಗೆ. ಅದಕ್ಕೇ ಎಷ್ಟು ನೀರು ಹಾಕಿದ್ರಿ ಅನ್ನೋದು ನನ್ನ ಲೆಕ್ಕದಲ್ಲಿ ಸಾಕ್ಷಿನೇ ಅಲ್ಲ, ಬೇರಿನ ಹತ್ರ ಎಷ್ಟು ನಿಂತಿದೆ ಅನ್ನೋದಷ್ಟೇ ಲೆಕ್ಕ.

ಈಗ ತಳದಲ್ಲಿ ನೀರು ಯಾಕೆ ನಿಲ್ಲತ್ತೆ ಅಂತ ತೋರಿಸ್ತೀನಿ. ಇದು ಪಾತ್ರೆ ತೊಳೆಯೋ ಸ್ಪಂಜ್, ಪೂರ್ತಿ ನೆನೆಸಿ ಅಡ್ಡಕ್ಕೆ ಚಪ್ಪಟೆಯಾಗಿ ಹಿಡಿದಿದೀನಿ, ತೊಟ್ಟಿಕ್ಕೋದು ನಿಂತಿದೆ. ಈಗ ಇದನ್ನೇ ಉದ್ದಕ್ಕೆ ನಿಲ್ಲಿಸ್ತೀನಿ. ನೋಡಿ, ಮತ್ತೆ ಸುರೀತಿದೆ. ಅಂದ್ರೆ ಅಡ್ಡಕ್ಕಿದ್ದಾಗ ಬೀಳದೇ ಹಿಡ್ಕೊಂಡಿದ್ದ ನೀರು ಎತ್ತರ ಜಾಸ್ತಿಯಾದ ತಕ್ಷಣ ಇಳೀತು, ಆದ್ರೂ ಕೊನೆಗೆ ಕೆಳ ತುದಿಯಲ್ಲಿ ಒಂದಷ್ಟು ಇಂಚು ಒದ್ದೆ ಉಳ್ಕೊಂಡೇ ಇರತ್ತೆ. ಪಾಟಲ್ಲೂ ಹೀಗೇ, ತೂತು ಚೆನ್ನಾಗಿದ್ರೂ ತಳದಲ್ಲಿ ಒಂದು ನೆನೆದ ಪದರ ಉಳಿಯತ್ತೆ, ಅದರ ಎತ್ತರ ನಿಮ್ಮ ಮಣ್ಣಿನ ಮಿಶ್ರಣದ ಮೇಲೆ ಹೋಗತ್ತೆ, ಸಣ್ಣ ಕಣದ ಮಣ್ಣಾದ್ರೆ ಜಾಸ್ತಿ, ಒರಟು ಮಿಶ್ರಣವಾದ್ರೆ ಕಡಿಮೆ. ಅದಕ್ಕೇ ಗಿಡ್ಡ ಅಗಲದ ಪಾಟಲ್ಲಿ ಬೇರು ಬೇಗ ಕೊಳೆಯತ್ತೆ, ಅದರ ಮಣ್ಣಿನಲ್ಲಿ ಹೆಚ್ಚು ಭಾಗ ಆ ಒದ್ದೆ ಪದರವೇ ಆಗಿರತ್ತೆ. ತಳದಲ್ಲಿ ಜಲ್ಲಿ ಹಾಕಿದ್ರೆ ನೀರು ಇಳಿಯತ್ತೆ ಅಂತ ನಂಬಿರ್ತೀವಲ್ಲ, ಅದ್ರಿಂದ ಆಗೋದು ಏನಂದ್ರೆ ಆ ಒದ್ದೆ ಪದರ ಜಲ್ಲಿ ಮೇಲಕ್ಕೆ ಹತ್ತಿ ಬೇರಿಗೆ ಇನ್ನೂ ಹತ್ರ ಬರತ್ತೆ. ತೂತಿನ ಮೇಲೆ ಮಣ್ಣು ಹೋಗದೇ ಇರ್ಲಿ ಅಂತ ಒಂದು ಹೆಂಚಿನ ಚೂರು ಇಡೋದು ಸರಿ, ಎರಡು ಇಂಚು ಜಲ್ಲಿ ಬೇಡ.

ಇನ್ನು ಬೇರು. ಮಣ್ಣು ಒದ್ದೆ ಇದೆ ಅಂತ ಗೊತ್ತಾದ್ರೂ ಬೇರು ಸತ್ತಿದ್ಯಾ ಇಲ್ವಾ ಅನ್ನೋದು ಬಿಚ್ಚಿ ನೋಡ್ದೇ ಗೊತ್ತಾಗಲ್ಲ, ತುಂಬ ಜನಕ್ಕೆ ಇದೇ ಭಯ. ಗಿಡಕ್ಕೆ ತೊಂದ್ರೆ ಆಗಲ್ಲ, ಸರಿಯಾಗಿ ಮಾಡಿದ್ರೆ. ಬುಡದ ಕಾಂಡ ಎರಡು ಬೆರಳ ಮಧ್ಯೆ ಬರೋ ಹಾಗೆ ಅಂಗೈಯನ್ನ ಮಣ್ಣಿನ ಮೇಲಿಡಿ, ಪಾಟನ್ನ ತಲೆಕೆಳಗೆ ಮಾಡಿ, ಅಂಚನ್ನ ಮೇಜಿಗೋ ಗೋಡೆಗೋ ಎರಡು ಸಲ ತಟ್ಟಿ, ಪೂರ್ತಿ ಹೆಂಟೆ ಕೈಗೆ ಬರತ್ತೆ. ಕಾಂಡ ಹಿಡಿದು ಎಳೀಬೇಡಿ. ಬರ್ತಿಲ್ಲ ಅಂದ್ರೆ ಅಂಚಿನ ಸುತ್ತ ಹಳೇ ಚಾಕು ಆಡಿಸಿ. ನೋಡ್ಬೇಕಾದ್ದು ಮುಖ್ಯವಾಗಿ ಹೆಂಟೆಯ ತಳ ಮತ್ತೆ ಹೊರ ಮೈ, ಕೊಳೆತ ಸಾಮಾನ್ಯವಾಗಿ ತಳದಿಂದಲೇ ಶುರುವಾಗೋದು.

ಬಲಗಡೆ ಗಿಡ ಬಿಚ್ಚಿದೀನಿ, ಹತ್ರ ಬಂದು ನೋಡಿ. ಮೇಲಿನ ಅರ್ಧದಲ್ಲಿ ಬೇರು ತಿಳಿ ಕಂದು, ಗಟ್ಟಿ. ಕೆಳಗೆ ಬಂದ ಹಾಗೆ ಕಪ್ಪು. ಬಣ್ಣ ಒಂದನ್ನೇ ನಂಬ್ಬೇಡಿ, ದಾಸವಾಳದ ಬಲಿತ ಬೇರು ಆರೋಗ್ಯವಾಗಿದ್ರೂ ಕಂದೇ ಇರತ್ತೆ, ಡ್ರಸೀನಾ ಬೇರು ಕಿತ್ತಳೆ ಬಣ್ಣ, ಬಿಳೀ ಅಲ್ಲ ಅಂತ ಕೊಳೆತಿದೆ ಅಂತ ಕತ್ತರಿಸಿ ಹಾಕಿದವರಿದಾರೆ. ಖಚಿತವಾದ ಪರೀಕ್ಷೆ ಕೈಯಲ್ಲಿದೆ. ಒಂದು ಸಣ್ಣ ಬೇರನ್ನ ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ಮೆಲ್ಲಗೆ ಎಳೀರಿ. ಜೀವ ಇರೋ ಬೇರು ಗಟ್ಟಿಯಾಗಿ ಎದುರು ಎಳೆಯತ್ತೆ, ಬಿಟ್ರೆ ಹಾಗೇ ಇರತ್ತೆ. ಕೊಳೆತ ಬೇರಲ್ಲಿ ಹೊರಗಿನ ಸಿಪ್ಪೆ ಲೋಳೆ ಲೋಳೆಯಾಗಿ ಬೆರಳಿಗೆ ಜಾರಿ ಬರತ್ತೆ, ಒಳಗೆ ಒಂದು ಬರೀ ದಾರ ಉಳಿಯತ್ತೆ, ಇಲ್ಲಿ ನೋಡಿ, ಕಂಡಿತಲ್ಲ? ಈ ದಾರ ಕಂಡ್ರೆ ಆ ಬೇರು ಮುಗೀತು. ಬರೀ ನೀರಿಲ್ಲದೇ ಸತ್ತ ಬೇರು ಬೇರೆ ಥರ, ಅದು ಸಿಪ್ಪೆ ಜಾರಲ್ಲ, ಲೋಳೆ ಇರಲ್ಲ, ಒಣಗಿ ಸಣ್ಣಗಾಗಿ ಬಗ್ಗಿಸಿದ್ರೆ ಪಟ್ ಅಂತ ಮುರಿಯತ್ತೆ. ದಪ್ಪ ಬೇರಿನ ಮೇಲೆ ಅನುಮಾನ ಇದ್ರೆ ಉಗುರಲ್ಲಿ ಸಿಪ್ಪೆ ಕೆರೆದು ನೋಡಿ, ಒಳಗೆ ಬೆಳ್ಳಗೆ ತೇವ ಇದ್ರೆ ಜೀವ ಇದೆ.

ಇಷ್ಟು ಸುಲಭವಾಗಿದ್ರೆ ನಾನು ಇಷ್ಟು ಹೊತ್ತು ಮಾತಾಡೋ ಅಗತ್ಯ ಇರ್ಲಿಲ್ಲ. ಈಗ ನಿಜವಾಗ್ಲೂ ಎಲ್ರನ್ನೂ ದಾರಿ ತಪ್ಪಿಸೋ ಕೇಸ್ ಹೇಳ್ತೀನಿ, ನಮ್ಮ ಕಡೆ ನರ್ಸರಿ ಗಿಡ ತಂದು ಕೋಕೋಪೀಟಲ್ಲಿ ನೆಡೋರಿಗೆ ತುಂಬ ಆಗೋದಿದು. ಒಬ್ಬರು ಜನವರಿಯಲ್ಲಿ, ಲಾಲ್‌ಬಾಗ್ ಫ್ಲವರ್ ಶೋ ನೋಡಿ ಉತ್ಸಾಹ ಬಂದು ದಾಸವಾಳ ತಂದ್ರು, ಕಪ್ಪು ಪಾಲಿಥಿನ್ ಕವರಲ್ಲಿರೋದು. ಕವರ್ ಕತ್ತರಿಸಿ ಕೆಮ್ಮಣ್ಣಿನ ಹೆಂಟೆ ಹಾಗೇ ಎತ್ತಿ ಹನ್ನೆರಡು ಇಂಚಿನ ಪಾಟಲ್ಲಿಟ್ಟು ಸುತ್ತ ಕೋಕೋಪೀಟ್, ಎರೆಗೊಬ್ಬರ ತುಂಬಿದ್ರು. ದಿನಾ ಒಂದು ಮಗ್ ನೀರು. ಕೆಲವು ವಾರ ಚೆನ್ನಾಗಿತ್ತು, ಮಾರ್ಚ್ ಬಿಸಿಲು ಶುರುವಾದ ಮೇಲೆ ಬೆಳಿಗ್ಗೆನೂ ಎಲೆ ಜೋತು, ಮೊಗ್ಗು ಹಳದಿಯಾಗಿ ಉದುರ್ತಿತ್ತು. ಬೆರಳು ಚುಚ್ಚಿದ್ರೆ ಒದ್ದೆ. ಪಾಟ್ ಎತ್ತಿದ್ರೆ ಭಾರ. ಅವರು ನೀರು ಜಾಸ್ತಿಯಾಗಿದೆ ಅಂತ ನೀರು ನಿಲ್ಲಿಸಿದ್ರು, ಗಿಡ ಇನ್ನೂ ಬಾಡ್ತು.

ಅಲ್ಲಿ ಕಡ್ಡಿನ ಎರಡು ಜಾಗದಲ್ಲಿ ಇಳಿಸಿ ನೋಡಿದ್ವಿ. ಅಂಚಿನ ಹತ್ರ ಸುಲಭವಾಗಿ ಇಳೀತು, ತಳದವರೆಗೂ ಒದ್ದೆ, ವಾಸನೆ ಏನಿಲ್ಲ. ಕಾಂಡದಿಂದ ಎರಡು ಇಂಚು ದೂರದಲ್ಲಿ ಚುಚ್ಚಿದ್ರೆ ಒಂದಿಂಚಿಗೇ ನಿಂತ್ಬಿಡ್ತು, ಇಟ್ಟಿಗೆಗೆ ಚುಚ್ಚಿದ ಹಾಗೆ. ಜೋರು ಮಾಡಿ ಇಳಿಸಿ ತೆಗೆದ್ರೆ ಕಡ್ಡಿಗೆ ಕೆಂಪು ಧೂಳು ಅಂಟಿತ್ತು, ತೇವದ ಗುರುತೇ ಇಲ್ಲ. ಬಿಚ್ಚಿ ನೋಡಿದಾಗ ವಿಷ್ಯ ಪೂರ್ತಿ ಗೊತ್ತಾಯ್ತು, ಬೇರೆಲ್ಲಾ ಆ ಕೆಮ್ಮಣ್ಣಿನ ಹೆಂಟೆ ಒಳಗೇ ಇದೆ, ಕೋಕೋಪೀಟಿಗೆ ಬಂದಿದ್ದು ನಾಲ್ಕಾರು ಎಳೆ ಬೇರು ಅಷ್ಟೇ. ಹೆಂಟೆ ಪಾಟಿನ ಮಣ್ಣಿಗಿಂತ ಸ್ವಲ್ಪ ಎತ್ತರಕ್ಕೆ ದಿಬ್ಬದ ಹಾಗೆ ನಿಂತಿತ್ತು, ಹಾಕಿದ ನೀರು ಅದರ ಮೇಲಿಂದ ಜಾರಿ ಸುತ್ತಲಿನ ಸಡಿಲ ಕೋಕೋಪೀಟಿಗೆ ಹೋಗ್ತಿತ್ತು. ಬೇರಿರೋ ಕಡೆ ನೀರಿಲ್ಲ, ನೀರಿರೋ ಕಡೆ ಬೇರಿಲ್ಲ. ಬೆರಳೂ ಸುಳ್ಳು ಹೇಳ್ತು, ತೂಕವೂ ಸುಳ್ಳು ಹೇಳ್ತು. ಬೇರು ಎಳೆದು ನೋಡಿದಾಗ ಸಿಪ್ಪೆ ಜಾರ್ಲಿಲ್ಲ, ಒಣಗಿತ್ತು ಅಷ್ಟೇ, ಉಗುರಲ್ಲಿ ಕೆರೆದ್ರೆ ಒಳಗೆ ಬಿಳುಪು.

ಆ ಹೆಂಟೆನ ಬಕೆಟ್ ನೀರಲ್ಲಿ ಮುಳುಗಿಸಿಟ್ವಿ, ಗುಳುಗುಳು ಅಂತ ಗುಳ್ಳೆ ಬರ್ತಾನೇ ಇತ್ತು, ಅದು ನಿಲ್ಲೋ ಅಷ್ಟ್ರಲ್ಲಿ ಅರ್ಧ ಗಂಟೆ ಹತ್ರ ಆಯ್ತು. ನೀರಿನ ಒಳಗೇ ಹೊರಗಿನ ಗಟ್ಟಿ ಮಣ್ಣನ್ನ ಬೆರಳಲ್ಲಿ ಮೆಲ್ಲಗೆ ಸಡಿಲ ಮಾಡಿ, ಹೆಂಟೆಗೆ ಐದಾರು ಕಡೆ ಕಡ್ಡಿಯಲ್ಲಿ ತೂತು ಮಾಡಿ, ಮತ್ತೆ ಅದೇ ಪಾಟಲ್ಲಿ ಈ ಸಲ ಹೆಂಟೆ ಮತ್ತೆ ಸುತ್ತಲಿನ ಮಿಶ್ರಣ ಒಂದೇ ಮಟ್ಟಕ್ಕೆ ಬರೋ ಹಾಗೆ ನೆಟ್ವಿ. ಬೇಸಿಗೆ ಆದ್ದರಿಂದ ಬೇರನ್ನ ಜಾಸ್ತಿ ಕೆದಕ್ಲಿಲ್ಲ, ಜೂನ್ ಆಗಿದ್ರೆ ಇನ್ನೂ ಧೈರ್ಯವಾಗಿ ಮಣ್ಣು ಬಿಡಿಸ್ಬಹುದಿತ್ತು. ನೆರಳಲ್ಲಿಟ್ಟು, ಹೊಸ ಬೇರು ಹೊರಗೆ ಬರೋವರೆಗೆ ನೀರನ್ನ ಕಾಂಡದ ಹತ್ರ ನಿಧಾನವಾಗಿ ಹಾಕಿ ಅಂತ ಹೇಳಿದ್ವಿ. ಸಂಜೆ ಹೊತ್ತಿಗೆ ಎಲೆ ಎದ್ದು ನಿಂತಿತ್ತು. ಬಾಯಾರಿದ ಗಿಡದ ಒಂದು ಗುಣ ಅದು, ಬೇರು ಸರಿಯಿದ್ರೆ ಕೆಲವು ಗಂಟೆಯಲ್ಲೇ ಚೇತರಿಸ್ಕೊಳ್ಳತ್ತೆ. ಬೇರು ಕೊಳೆತಿರೋದು ಹೀಗೆ ಏಳಲ್ಲ.

ಮಳೆಗಾಲದಲ್ಲಿ ಇದೇ ಗಿಡ ಉಲ್ಟಾ ಆಗತ್ತೆ ಅನ್ನೋದನ್ನೂ ನೆನಪಲ್ಲಿಡಿ. ಸಣ್ಣ ಕಣದ ಆ ಮಣ್ಣು ಒಮ್ಮೆ ಪೂರ್ತಿ ನೆನೆದ್ರೆ ನೀರು ಬಿಡೋದೂ ನಿಧಾನ, ಸುತ್ತ ಕೋಕೋಪೀಟ್ ಒಣಗಿ ಕಂಡ್ರೂ ಹೆಂಟೆ ಒಳಗೆ ಬೇರು ಉಸಿರು ಕಟ್ಟಿರತ್ತೆ. ಎರಡಕ್ಕೂ ಪರೀಕ್ಷೆ ಒಂದೇ, ಕಡ್ಡಿ ಅಂಚಿಗೊಂದು ಸಲ, ಕಾಂಡದ ಹತ್ರ ಒಂದು ಸಲ.

ಬಲಗಡೆ ಗಿಡಕ್ಕೆ ಏನು ಮಾಡೋದು ಅಂತ ಕೇಳ್ತಿದೀರಿ. ಮೇಲಿನ ಅರ್ಧ ಬೇರು ಗಟ್ಟಿ ಇದೆ, ಹಾಗಾಗಿ ಇದು ಉಳಿಯತ್ತೆ ಅನ್ನೋ ನಂಬಿಕೆ ನನಗಿದೆ. ಕೊಳೆತ ಬೇರನ್ನೆಲ್ಲ ಸ್ಪಿರಿಟಲ್ಲಿ ಒರೆಸಿದ ಕತ್ತರಿಯಿಂದ ಗಟ್ಟಿ ಭಾಗ ಸಿಗೋವರೆಗೆ ಕತ್ತರಿಸಿ, ಹಳೇ ಒದ್ದೆ ಮಣ್ಣು ಉದುರಿಸಿ. ಅರ್ಧ ಬೇರು ಹೋಗಿದ್ರೆ ಮೇಲಿನ ಕೊಂಬೆನೂ ಸುಮಾರು ಅರ್ಧ ಸವರ್ಬೇಕು, ಇರೋ ಬೇರಿಗೆ ಅಷ್ಟು ಎಲೆಗೆ ನೀರು ಕೊಡಕ್ಕಾಗಲ್ಲ. ಆಮೇಲೆ ದೊಡ್ಡ ಪಾಟಿಗೆ ಹಾಕೋ ಆಸೆ ಬಿಡಿ, ಉಳಿದ ಬೇರಿಗೆ ಹಿಡಿಸೋ ಅಷ್ಟು ಸಣ್ಣ ಪಾಟ್ ಸಾಕು, ಜಾಸ್ತಿ ಮಣ್ಣಿದ್ರೆ ಅದರ ನೀರು ಕುಡಿಯಕ್ಕೆ ಬೇರೇ ಇಲ್ಲ, ಮತ್ತೆ ಕೊಳೆಯತ್ತೆ. ಕೆಮ್ಮಣ್ಣು, ದಪ್ಪ ಮರಳು, ಕೋಕೋಪೀಟ್ ಸಮಸಮ ಹಾಕಿ, ಹೊಸ ಚಿಗುರು ಬರೋವರೆಗೆ ಗೊಬ್ಬರ ಬೇಡ. ಒಂದ್ಸಲ ನೀರು ಹಾಕಿ ನೆರಳಲ್ಲಿಡಿ, ಮುಂದಿನ ನೀರು ಕಡ್ಡಿ ಹೇಳಿದಾಗ.

ಪ್ರಶ್ನೆಗಳು ಬಂದ್ವು. ಒಬ್ಬರು ಸರ್ ಮಾಯಿಶ್ಚರ್ ಮೀಟರ್ ಬಗ್ಗೆ ಕೇಳಿದ್ರು. ಕಡಿಮೆ ಬೆಲೆಯ ಮೀಟರ್‌ಗಳು ಅಳೆಯೋದು ಮಣ್ಣಿನಲ್ಲಿ ವಿದ್ಯುತ್ ಎಷ್ಟು ಹರಿಯತ್ತೆ ಅನ್ನೋದನ್ನ, ಗೊಬ್ಬರದ ಉಪ್ಪು ಜಾಸ್ತಿ ಇದ್ರೆ ಒಣ ಮಣ್ಣನ್ನೂ ಒದ್ದೆ ಅಂತ ತೋರಿಸ್ಬಹುದು, ಸಡಿಲ ಕೋಕೋಪೀಟಲ್ಲಿ ಕಡ್ಡಿ ಸುತ್ತ ಗಾಳಿ ಇದ್ರೆ ಒದ್ದೆನೂ ಒಣ ಅನ್ನತ್ತೆ. ಬಿದಿರು ಕಡ್ಡಿನೇ ನನಗೆ ಮೇಲು.

ಮಣ್ಣಿನ ತೇವ ಸರಿಯಿದೆ, ಬೇರೂ ಗಟ್ಟಿಯಿದೆ, ಆದ್ರೂ ಟೊಮೆಟೊ ಗಿಡ ಹಸಿರಾಗಿದ್ದ ಹಾಗೇ ಬಾಡ್ತಿದೆ ಅಂತ ಇನ್ನೊಬ್ಬರು ಹೇಳಿದ್ರು. ಅದು ನೀರಿನ ಕೇಸ್ ಅಲ್ದೇ ಇರ್ಬಹುದು. ಬುಡದ ಹತ್ರ ಕಾಂಡ ಕತ್ತರಿಸಿ ಒಂದು ಗಾಜಿನ ಲೋಟದ ನೀರಲ್ಲಿ ಕತ್ತರಿಸಿದ ತುದಿ ಮುಳುಗೋ ಹಾಗೆ ಅಲುಗಾಡಿಸದೇ ಹಿಡೀರಿ, ಕೆಲವು ನಿಮಿಷದಲ್ಲಿ ಹಾಲಿನಂಥ ಎಳೆ ಕೆಳಗೆ ಇಳಿದ್ರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ, ಗಿಡ ಉಳಿಯಲ್ಲ, ಆ ಮಣ್ಣನ್ನ ಬದನೆ, ಮೆಣಸಿನಕಾಯಿಗೂ ಬಳಸ್ಬೇಡಿ. ಬೇರಲ್ಲಿ ಗಂಟು ಗಂಟು ಕಂಡ್ರೆ ಜಂತುಹುಳದ ತೊಂದ್ರೆ, ಅದೂ ಬೇರೆ ವಿಷ್ಯ.

ಕೊನೆಗೆ ಒಬ್ಬರು ಅಮ್ಮ, ಬುಡವೇ ಮೆತ್ತಗಾಗಿಬಿಟ್ಟಿದ್ರೆ ಅಂತ ಕೇಳಿದ್ರು, ಅವರ ಅತ್ತೆ ನೆಟ್ಟ ದಾಸವಾಳ ಅಂತೆ. ಬುಡದ ಸಿಪ್ಪೆ ಒತ್ತಿದ್ರೆ ಕುಸೀತಿದೆ, ಕಪ್ಪಾಗಿದೆ ಅಂದ್ರೆ ಬೇರು ತೊಳೆದು ಪ್ರಯೋಜನ ಇಲ್ಲಮ್ಮ. ಮೇಲಕ್ಕೆ ಹೋಗ್ತಾ ಉಗುರಲ್ಲಿ ಕೆರೆದು ನೋಡಿ, ಎಲ್ಲಿಂದ ಹಸಿರು ಸಿಗತ್ತೋ ಅದಕ್ಕಿಂತ ಮೇಲೆ ಪೆನ್ಸಿಲ್ ದಪ್ಪದ ಕೊಂಬೆನ ಆರು ಇಂಚಿಗೆ ಕತ್ತರಿಸಿ, ತುದಿಯ ಎರಡು ಎಲೆ ಬಿಟ್ಟು ಉಳಿದದ್ದು ತೆಗೆದು, ತೇವದ ಮರಳಲ್ಲಿ ನೆರಳಿಗೆ ಚುಚ್ಚಿಡಿ. ಒಂದೇ ಇಡ್ಬೇಡಿ, ನಾಲ್ಕೈದು ಇಡಿ, ಇವತ್ತು ಸಂಜೆನೇ ಮಾಡಿ, ಕೊಳೆತ ಮೇಲಕ್ಕೆ ಹತ್ತೋ ಮುಂಚೆ.